ಮೂಲೆಯಲ್ಲ, ಚಾಪೆ
(ಶಿಶುವಿಹಾರ ಶಿಕ್ಷಕಿಯರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಊಟವಾದ ಮೇಲಿನ ಹೊತ್ತು, ನಿದ್ದೆ ಬಂದವರು ಸಂಕೋಚಪಡಬೇಡಿ. ಮೂವತ್ತು ವರ್ಷ ಮೂರು-ನಾಲ್ಕು ವರ್ಷದ ಮಕ್ಕಳಿಗೆ ಪಾಠ ಹೇಳಿದವಳಿಗೆ ಅದೇನೂ ಹೊಸದಲ್ಲ.

ತರಗತಿಯಲ್ಲಿ ಮಕ್ಕಳು ಸಮಾಧಾನ ಮಾಡಿಕೊಳ್ಳಲು ಒಂದು ಜಾಗ ಇರಬೇಕು, ಅಲ್ಲಿ ಮುಖದ ಚಿತ್ರದ ಕಾರ್ಡುಗಳಿರಬೇಕು ಎಂದು ನಿಮಗೆ ಈಗಾಗಲೇ ಹೇಳಿದ್ದಾರೆ. ನಾನು ಮೊದಲ ಸಲ ಇದನ್ನು ಮಾಡಿದಾಗ ಬಾಗಿಲ ಪಕ್ಕದ ಮೂಲೆಯಲ್ಲಿ ಎರಡು ದಿಂಬು ಇಟ್ಟು ‘ಶಾಂತಿಯ ಮೂಲೆ’ ಎಂದು ಬಣ್ಣದ ಅಕ್ಷರದಲ್ಲಿ ಬರೆದು ಅಂಟಿಸಿದೆ. ಒಂದು ವಾರ ಕಳೆಯುವಷ್ಟರಲ್ಲಿ ಒಬ್ಬಳು ಹುಡುಗಿ ಗೆಳತಿಗೆ ಹೇಳುತ್ತಿದ್ದಳು: “ನನ್ನ ಪೆನ್ಸಿಲ್ ಕೊಡು, ಇಲ್ಲದಿದ್ದರೆ ಮಿಸ್ ನಿನ್ನನ್ನು ಮೂಲೆಗೆ ಹಾಕುತ್ತಾರೆ.” ತಪ್ಪು ಅವಳದಲ್ಲ. ನಮ್ಮ ಭಾಷೆಯಲ್ಲಿ ಮೂಲೆ ಎಂದರೆ ಕೂರಿಸುವ ಜಾಗ, ಗುಂಪು ಮಾಡಿ ಎಸೆಯುವ ಜಾಗ. ಶಾಂತಿ ಎಂಬ ಪದ ಅಂಟಿಸಿದ ಮಾತ್ರಕ್ಕೆ ಆ ವಾಸನೆ ಹೋಗುವುದಿಲ್ಲ. ಮರುದಿನವೇ ಹೆಸರು ಬದಲಾಯಿಸಿದೆ. ಕಿಟಕಿಯ ಬಳಿ ಒಂದು ಹಸಿರು ಚಾಪೆ ಹಾಸಿ ‘ಹಸಿರು ಚಾಪೆ’ ಎಂದು ಕರೆದೆ. ಅಷ್ಟೇ. ‘ಅಲ್ಲಿಗೆ ಹೋಗು’ ಎಂದು ಯಾರಿಗೂ ಹೇಳುವುದನ್ನು ನಿಲ್ಲಿಸಿದೆ. ‘ನಾವಿಬ್ಬರೂ ಚಾಪೆಗೆ ಹೋಗೋಣವೇ?’ ಎಂದು ಕೇಳತೊಡಗಿದೆ. ನಿಮ್ಮ ಚಾಪೆ ಶಿಕ್ಷೆಯಾಗಿದೆಯೇ ಎಂದು ತಿಳಿಯಬೇಕಾದರೆ ಒಂದೇ ಒಂದು ಸಂಗತಿ ಗಮನಿಸಿ: ನೀವು ಹೇಳದೆ ಯಾವ ಮಗುವಾದರೂ ತಾನಾಗಿ ಅಲ್ಲಿಗೆ ಹೋಗುತ್ತದೆಯೇ?

ಚಾಪೆಯ ಮೇಲೆ ಹೆಚ್ಚು ಸಾಮಾನು ಬೇಡ. ನಾಲ್ಕಡಿ ಜಾಗ, ಒಂದು ದಿಂಬು, ಹಿಸುಕಲು ಒಂದು ಬಟ್ಟೆಯ ಚೆಂಡು, ಮತ್ತೆ ಒಂದು ಮಿನುಗು ಬಾಟಲಿ. ಉಗುರುಬೆಚ್ಚಗಿನ ನೀರಿಗೆ ಪಾರದರ್ಶಕ ಅಂಟು ಮತ್ತು ಮಿನುಗುವ ಪುಡಿ ಹಾಕಿ ಅಲುಗಾಡಿಸಿದರೆ ಪುಡಿ ನಿಧಾನವಾಗಿ ಕೆಳಗಿಳಿಯುತ್ತದೆ. ಅಂಟು ಹೆಚ್ಚಾದಷ್ಟೂ ಇಳಿಯುವುದು ನಿಧಾನ. ಎರಡು ನಿಮಿಷ ಸಾಕು, ಅದಕ್ಕಿಂತ ಉದ್ದವಾದರೆ ಮಗುವಿಗೆ ಅದೇ ಆಟವಾಗುತ್ತದೆ. ಮುಚ್ಚಳವನ್ನು ಗಟ್ಟಿಯಾಗಿ ಅಂಟಿಸಿ, ಯಾರಾದರೊಬ್ಬರು ಕುಡಿಯಲು ನೋಡುವುದು ಖಂಡಿತ. ಪರದೆ ಕಟ್ಟಬೇಡಿ, ಮಗು ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು.

ಉಸಿರಾಟ ಕಲಿಸಲು ‘ಹೂವು ಮೂಸು, ದೀಪ ಊದು’ ಎಂಬ ಆಟವನ್ನು ಎಲ್ಲೆಡೆ ಹೇಳಿಕೊಡುತ್ತಾರೆ. ನಾನೂ ಹೇಳಿಕೊಟ್ಟೆ. ಒಬ್ಬ ಅಜ್ಜಿ ಶಾಲೆಗೇ ಬಂದು, “ಏನಮ್ಮಾ, ದೀಪ ಊದಿ ಆರಿಸಬಾರದು ಎಂದು ನಾವು ಮನೆಯಲ್ಲಿ ಹೇಳಿದರೆ ನೀವು ಊದಲು ಕಲಿಸುತ್ತೀರಲ್ಲ” ಎಂದರು. ಅಂದಿನಿಂದ ‘ಬಿಸಿ ಹಾಲು ಆರಿಸು’ ಎನ್ನುತ್ತೇನೆ. ಅದೇ ಒಳ್ಳೆಯದಾಯಿತು; ಬಿಸಿ ಹಾಲನ್ನು ಜೋರಾಗಿ ಊದಿದರೆ ಚೆಲ್ಲುತ್ತದೆ ಎಂದು ಮಕ್ಕಳಿಗೆ ಗೊತ್ತು, ತಾವಾಗಿ ನಿಧಾನವಾಗಿ ಊದುತ್ತಾರೆ.

ಈಗ ಕಾರ್ಡುಗಳು. ಅಂಗಡಿಯಲ್ಲಿ ಇಪ್ಪತ್ತು ಮುಖಗಳ ಕಟ್ಟು ಸಿಗುತ್ತದೆ. ತರಬೇಡಿ. ನಾಲ್ಕರಿಂದ ಆರಂಭಿಸಿ: ಖುಷಿ, ಅಳು, ಸಿಟ್ಟು, ಹೆದರಿಕೆ. ಇದಕ್ಕೆ ಕಾರಣವಿದೆ. ಅಮೆರಿಕದ ಬಾಸ್ಟನ್ ಕಾಲೇಜಿನ ಶೆರಿ ವೈಡನ್ ಮತ್ತು ಜೇಮ್ಸ್ ರಸೆಲ್ ಎಂಬ ಮನೋವಿಜ್ಞಾನಿಗಳು ಚಿಕ್ಕ ಮಕ್ಕಳಿಗೆ ಮುಖದ ಚಿತ್ರ ತೋರಿಸಿ ಹೆಸರು ಕೇಳಿದ್ದಾರೆ. ಮಕ್ಕಳು ಮೊದಲು ಮುಖಗಳನ್ನು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡೇ ರಾಶಿಗೆ ಹಾಕುತ್ತಾರೆ. ಒಳಗಿನ ಭೇದಗಳು ವರ್ಷಗಟ್ಟಲೆ ನಿಧಾನವಾಗಿ ಮೂಡುತ್ತವೆ. ಅಸಹ್ಯಪಡುವ ಮುಖವನ್ನಂತೂ ಬಹಳ ದಿನ ಸಿಟ್ಟಿನ ಮುಖವೆಂದೇ ಹೇಳುತ್ತಾರೆ. ಆದ್ದರಿಂದ ಮೂರು ವರ್ಷದ ಮಗು ಹೆದರಿಕೆಯ ಚಿತ್ರ ನೋಡಿ ‘ಸಿಟ್ಟು’ ಎಂದರೆ ತಿದ್ದಿ ತಿದ್ದಿ ಸುಸ್ತಾಗಬೇಡಿ.

ಚಿತ್ರ ಬರೆಯುವುದಕ್ಕಿಂತ ಮಕ್ಕಳದೇ ಫೋಟೊ ತೆಗೆಯುವುದು ಮೇಲು, ಪೋಷಕರ ಒಪ್ಪಿಗೆ ಪಡೆದು. ನಿಜವಾಗಿ ಅಳುತ್ತಿರುವಾಗ ಮಾತ್ರ ತೆಗೆಯಬೇಡಿ, ಅದು ಅವಮಾನ. ‘ಅಳುವ ಮುಖ ಮಾಡು’ ಎಂದು ಆಟದ ಹೊತ್ತಿನಲ್ಲಿ ಮಾಡಿಸಿ. ಕಾರ್ಡಿನ ಹಿಂದೆ ಆ ಭಾವ ಮೈಯಲ್ಲಿ ಎಲ್ಲಿ ಕಾಣುತ್ತದೆ ಎಂದು ಬರೆದುಕೊಳ್ಳಿ: ಸಿಟ್ಟಿಗೆ ಬಿಗಿದ ಮುಷ್ಟಿ, ಹೆದರಿಕೆಗೆ ಹೊಟ್ಟೆಯೊಳಗೆ ಏನೋ ಆಗುವುದು. ‘ಮಿಸ್, ಹೊಟ್ಟೆ ನೋವು’ ಎನ್ನುವ ಎಷ್ಟೋ ಮಕ್ಕಳು ಹೇಳುತ್ತಿರುವುದು ಈ ಎರಡನೆಯದನ್ನು.

ನಾನು ಬೇಕೆಂದೇ ಬಿಟ್ಟ ಪದ ಒಂದಿದೆ, ‘ಬೇಜಾರು’. ಅಮ್ಮ ಬರಲಿಲ್ಲವೆಂದರೂ ಬೇಜಾರು, ಆಟ ಮುಗಿದರೂ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು. ನಾವು ದೊಡ್ಡವರೇ ಎಲ್ಲದಕ್ಕೂ ಅದನ್ನೇ ಬಳಸುತ್ತೇವೆ. ಮಗು ‘ಬೇಜಾರು’ ಎಂದಾಗ ಕಾರ್ಡಿನ ಮುಂದೆ ಕೂರಿಸಿ ‘ಯಾವ ಬೇಜಾರು?’ ಎಂದು ಕೇಳಿ. ಐದನೆಯ ಕಾರ್ಡು ಸೇರಿಸುವ ಹೊತ್ತಿಗೆ ನಾನು ಆರಿಸಿದ್ದು ಮುನಿಸು. ಠೂ ಬಿಟ್ಟ ಮಗುವಿನ ಮುಖ ಸಿಟ್ಟಿನ ಮುಖವಲ್ಲ. ಯಾರಾದರೂ ಬಂದು ಕರೆಯಲಿ ಎಂದು ಕಾಯುವ ಮುಖ ಅದು. ನಮ್ಮ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಕಾರ್ಡನ್ನು ಕಲಿಸಬೇಕಾದದ್ದು ಎಲ್ಲರೂ ಸಮಾಧಾನವಾಗಿರುವಾಗ, ಬೆಳಗಿನ ಹಾಡಿನ ಹೊತ್ತಿನಲ್ಲಿ. ಮಗು ನೆಲಕ್ಕೆ ಬಿದ್ದು ಕಿರುಚುತ್ತಿರುವಾಗ ಕಾರ್ಡು ಹಿಡಿದು ‘ನಿನಗೆ ಏನಾಗುತ್ತಿದೆ, ತೋರಿಸು’ ಎಂದರೆ ಕಾರ್ಡು ಹರಿದು ಕೈಗೆ ಬರುತ್ತದೆ. ಆಗ ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ಮುಷ್ಟಿ ಸಡಿಲವಾಗಿ, ಬಿಕ್ಕು ಕಡಿಮೆಯಾಗಿ, ಮಗು ನಿಮ್ಮ ಕಡೆ ಒಮ್ಮೆ ನೋಡಿದಾಗ ಕಾರ್ಡು ಮುಂದಿಡಿ. ಹೆಸರಿಟ್ಟರೆ ಭಾವದ ಕಾವು ಇಳಿಯುತ್ತದೆ ಎಂಬುದಕ್ಕೆ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೆದುಳಿನ ಅಧ್ಯಯನವನ್ನು ಉಲ್ಲೇಖಿಸುತ್ತಾರೆ. ಅದು ದೊಡ್ಡವರ ಮೇಲೆ ಮಾಡಿದ್ದು. ನಾಲ್ಕು ವರ್ಷದವರಿಗೂ ಹಾಗೆಯೇ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ನನಗೆ ಕಾರ್ಡಿನಿಂದ ಸಿಕ್ಕ ಲಾಭ ಬೇರೆ.

ಒಬ್ಬ ಹುಡುಗನಿದ್ದ, ನಾಲ್ಕೂವರೆ ವರ್ಷ. ಮಧ್ಯಾಹ್ನದ ಹೊತ್ತಿಗೆ ಪಕ್ಕದವರನ್ನು ತಳ್ಳುತ್ತಿದ್ದ, ಕಟ್ಟಿದ ಗೋಪುರವನ್ನು ಒದೆಯುತ್ತಿದ್ದ. ನಾವೆಲ್ಲ ಅವನನ್ನು ಸಿಟ್ಟಿನ ಹುಡುಗ ಎಂದು ತೀರ್ಮಾನಿಸಿದ್ದೆವು. ಚಾಪೆಯಲ್ಲಿ ನಾನು ಸಿಟ್ಟಿನ ಕಾರ್ಡನ್ನೇ ಮೊದಲು ಮುಂದೆ ಇಡುತ್ತಿದ್ದೆ, ಅವನು ತಲೆಯಾಡಿಸುತ್ತಿದ್ದ. ಅದು ನನ್ನ ತಪ್ಪು. ಉತ್ತರ ನಾನೇ ಕೊಟ್ಟುಬಿಟ್ಟಿದ್ದೆ. ಒಂದು ದಿನ ನಾಲ್ಕನ್ನೂ ಸಾಲಾಗಿ ಇಟ್ಟು ಬಾಯಿ ಮುಚ್ಚಿಕೊಂಡು ಕುಳಿತೆ. ಅವನು ಹೆದರಿಕೆಯ ಕಾರ್ಡನ್ನು ಮುಟ್ಟಿದ. ತಮಾಷೆಗೆ ಮುಟ್ಟಿದನೋ ಏನೋ ಎಂದು ಮರುದಿನ ಕಾರ್ಡುಗಳ ಸ್ಥಾನ ಬದಲಿಸಿಟ್ಟೆ. ಮತ್ತೆ ಅದೇ.

ಆಗ ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಗಂಟೆ, ಮುಟ್ಟಿದ ಕಾರ್ಡು, ಇಷ್ಟನ್ನೇ ಬರೆಯತೊಡಗಿದೆ. ಎರಡು ವಾರದ ಸಾಲುಗಳನ್ನು ನೋಡಿದಾಗ ತಳ್ಳಾಟವೆಲ್ಲ ಹನ್ನೆರಡೂಕಾಲಿಗೆ ಸ್ವಲ್ಪ ಮೊದಲು. ಹನ್ನೆರಡೂಕಾಲಿಗೆ ಊಟದ ಗಂಟೆ. ನಮ್ಮ ಗೋಡೆಯ ಆಚೆಗೇ ಇದ್ದ ವಿದ್ಯುತ್ ಗಂಟೆ. ಗಂಟೆ ಕೆಟ್ಟುಹೋಗಿದ್ದ ಎರಡು ದಿನ ಅವನು ಯಾರನ್ನೂ ಮುಟ್ಟಿರಲಿಲ್ಲ. ಗಡಿಯಾರ ನೋಡಲು ಬಾರದಿದ್ದರೂ ಆಯಾ ತಟ್ಟೆ ಜೋಡಿಸುವ ಸದ್ದಿನಿಂದ ಮುಂದೆ ಬರುವುದು ಏನೆಂದು ಅವನಿಗೆ ತಿಳಿಯುತ್ತಿತ್ತು.

ಮನೆಯವರಿಗೆ ಕಿವಿ ಪರೀಕ್ಷೆ ಮಾಡಿಸಲು ಹೇಳಿದೆವು, ತೊಂದರೆ ಇರಲಿಲ್ಲ. ತಟ್ಟೆ ಸದ್ದಾದೊಡನೆ ಅವನು ಆಯಾಳ ಕೈ ಹಿಡಿದು ಹೋಗಿ ತಾನೇ ಗುಂಡಿ ಒತ್ತುವ ಏರ್ಪಾಡು ಮಾಡಿದೆವು. ಮೊದಲ ಮೂರು ದಿನ ಒತ್ತಲಿಲ್ಲ, ದೂರ ನಿಂತು ಕಿವಿ ಮುಚ್ಚಿಕೊಂಡ. ನಾಲ್ಕನೆಯ ದಿನ ಒತ್ತಿದ. ತಳ್ಳುವುದು ನಿಂತಿತು. ಹೆದರಿಕೆ ಮಾತ್ರ ಹೋಗಲಿಲ್ಲ. ವರ್ಷದ ಕೊನೆಯವರೆಗೂ ಗುಂಡಿ ಒತ್ತಿ ಬಂದ ಮೇಲೆ ಚಾಪೆಗೆ ಹೋಗಿ ಆ ಕಾರ್ಡನ್ನು ಒಮ್ಮೆ ಮುಟ್ಟಿ, ಕೈ ತೊಳೆದು ಊಟಕ್ಕೆ ಕೂರುತ್ತಿದ್ದ.