ಮಾರ್ಚ್ 31ರ ರಾತ್ರಿ ಕೇಳಬೇಕಾದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಮಂಡಿಪೇಟೆಯ ಅಂಗಡಿಯಲ್ಲಿ, ಹರಿಹರ ರಸ್ತೆಯ ಅಕ್ಕಿ ಮಿಲ್ಲಿನ ಆಫೀಸಿನಲ್ಲಿ, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವರೂ ಬರೆಸುವವರೂ ಈಗ ರೇಡಿಯೊ ಪಕ್ಕದಲ್ಲಿ ಇದ್ದೀರಿ ಅಂದುಕೊಂಡು ಮಾತಾಡುತ್ತೇನೆ. ವಿಷಯ ಇಷ್ಟೆ. ದುಡ್ಡು ಇನ್ನೂ ಕೊಟ್ಟಿಲ್ಲ. ಬಿಲ್ಲೂ ಬಂದಿಲ್ಲ. ಆದರೆ ಕೊಡಬೇಕಾಗಬಹುದು ಅಂತ ಗೊತ್ತಿದೆ. ಅದನ್ನು ಈ ವರ್ಷದ ಲೆಕ್ಕಕ್ಕೆ ತರಬೇಕಾ, ಬೇಡವಾ?

ನಮ್ಮ ಕಡೆಯ ಸಣ್ಣ, ಮಧ್ಯಮ ಕಂಪನಿಗಳಿಗೆ ಇದರ ನಿಯಮ ಎಎಸ್ 29 ಅನ್ನುವ ಲೆಕ್ಕದ ಮಾನದಂಡದಲ್ಲಿದೆ. 2004ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 37. ಇಷ್ಟು ವರ್ಷವಾದರೂ ಪ್ರತಿ ಸಲ ಲೆಕ್ಕ ಮುಗಿಸುವಾಗ ಇದೇ ವಾದ ಮತ್ತೆ ಶುರುವಾಗುತ್ತದೆ. ಹಾಗಾಗಿ ನೀವು ಒಂದೇ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳಿ, ಸಾಕು. ಮಾರ್ಚ್ 31ರ ರಾತ್ರಿ, ಈ ಖರ್ಚಿನಿಂದ ತಪ್ಪಿಸಿಕೊಳ್ಳಲು ನಮಗೆ ದಾರಿ ಇತ್ತಾ?

ತಪ್ಪಿಸಿಕೊಳ್ಳುವುದು ಅಂದರೆ ಸಾಲ ಕೊಟ್ಟವರ ಫೋನ್ ಎತ್ತದೆ ಇರುವುದಲ್ಲ. ಮುಂದೆ ನಾವು ಮಾಡುವ ಕೆಲಸ ಬದಲಿಸಿಕೊಂಡರೆ ಆ ಖರ್ಚು ಬರುವುದೇ ಇಲ್ಲ ಅನ್ನುವ ಹಾಗಿದ್ದರೆ ದಾರಿ ಇದೆ ಅಂತ ಅರ್ಥ. ಆಗಬೇಕಾದ್ದು ಆಗಿಹೋಗಿದೆ, ಇನ್ನು ಏನು ಮಾಡಿದರೂ ಅದು ಬೆನ್ನು ಬಿಡುವುದಿಲ್ಲ ಅಂದರೆ ದಾರಿ ಇಲ್ಲ.

ಒಂದು ಅಕ್ಕಿ ಮಿಲ್ಲಿನ ಲೆಕ್ಕ ಹೇಳುತ್ತೇನೆ. ಊರು, ಹೆಸರು ಬೇಡ. ಅಪ್ಪ, ಮಗ ಸೇರಿ ನಡೆಸುವ ಪ್ರೈವೇಟ್ ಲಿಮಿಟೆಡ್ ಕಂಪನಿ. ಕುಸುಬಲಕ್ಕಿ ಮಾಡಿ ಕೇರಳಕ್ಕೆ ಕಳಿಸುತ್ತಾರೆ. ಯಜಮಾನರು ಆ ವರ್ಷದ ಲೆಕ್ಕ ಹಿಡಿದುಕೊಂಡು ನನ್ನ ಆಫೀಸಿಗೆ ಬಂದಾಗ ಅವರ ಮನಸ್ಸಿನಲ್ಲಿ ಮೂರು ಸಂಗತಿ ಇದ್ದವು.

ಮೊದಲನೆಯದು ಬಾಯ್ಲರ್. ಅದರ ಟ್ಯೂಬ್‌ಗಳು ಸವೆದಿದ್ದವು. ಜೂನ್ ತಿಂಗಳಲ್ಲಿ ಬದಲಿಸಬೇಕು, 14 ಲಕ್ಷ ಆಗುತ್ತದೆ ಅಂತ ಅಂದಾಜು ಬಂದಿತ್ತು. "ಈ ವರ್ಷ ಲಾಭ ಚೆನ್ನಾಗಿದೆ ಸಾರ್. ಹೆಂಗಿದ್ರೂ ಖರ್ಚು ಮಾಡೋದೇ. ಈಗಲೇ ಹಾಕಿಬಿಡಿ" ಅಂದರು.

ನಾನು ಕೇಳಿದೆ, "ಯಜಮಾನ್ರೇ, ಮಾರ್ಚ್ 31ರ ರಾತ್ರಿ ಇದರಿಂದ ತಪ್ಪಿಸಿಕೊಳ್ಳೋಕೆ ದಾರಿ ಇತ್ತಾ?"

"ಇಲ್ಲ ಸಾರ್. ಬಾಯ್ಲರ್ ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ಕೊಡಬೇಕು ಅಂದ್ರೆ ಟ್ಯೂಬ್ ಹಾಕಿಸಲೇಬೇಕು. ಕಾನೂನು ಅದು."

ಇಲ್ಲೇ ಜಾಸ್ತಿ ಜನ ಎಡವುವುದು. ಕಾನೂನು ಏನು ಹೇಳುತ್ತದೆ? ಸರ್ಟಿಫಿಕೇಟ್ ಇಲ್ಲದೆ ಬಾಯ್ಲರ್ ಓಡಿಸಬೇಡ ಅನ್ನುತ್ತದೆ. ಓಡಿಸಲೇಬೇಕು ಅಂತ ಯಾರೂ ಹೇಳಿಲ್ಲ. ಅವರು ಏಪ್ರಿಲ್‌ನಲ್ಲಿ ಮಿಲ್ಲು ಮಾರಬಹುದಿತ್ತು. ಕುಸುಬಲಕ್ಕಿ ಬಿಟ್ಟು ಬರೀ ಬೆಳ್ತಿಗೆ ಮಾಡಬಹುದಿತ್ತು. ಆಗ 14 ಲಕ್ಷ ಬೇಕಾಗುತ್ತಲೇ ಇರಲಿಲ್ಲ. ಮಾರುತ್ತಾರಾ ಇಲ್ಲವಾ ಅದು ಬೇರೆ ಮಾತು. ದಾರಿ ಇತ್ತು. ಪ್ರಾವಿಷನ್ ಅಂದರೆ ಮುಂದೆ ಕೊಡಬೇಕಾದ್ದಕ್ಕೆ ಈಗಲೇ ಲೆಕ್ಕದಲ್ಲಿ ಬರೆದಿಡುವ ಮೊತ್ತ. ಹಾಗಾಗಿ ಮಾರ್ಚ್ ಲೆಕ್ಕದಲ್ಲಿ ಬಾಯ್ಲರ್ ಹೆಸರಿನಲ್ಲಿ ಪ್ರಾವಿಷನ್ ಇಲ್ಲ, ಒಂದು ರೂಪಾಯಿಯೂ ಇಲ್ಲ. ಜೂನ್‌ನಲ್ಲಿ ಕೆಲಸ ಮಾಡಿಸಿದಾಗ ಆ ವರ್ಷದ ಲೆಕ್ಕಕ್ಕೆ ಬರುತ್ತದೆ. ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದೇವೆ ಅನ್ನುವುದು ಹೊಣೆ ಆಗುವುದಿಲ್ಲ. ಹೊಣೆ ಅಂದ ಮೇಲೆ ಎದುರಿಗೆ ಇನ್ನೊಬ್ಬರು ಇರಬೇಕು, ಅವರಿಗೆ ನಾವು ಬದ್ಧರಾಗಿರಬೇಕು.

ಎರಡನೆಯದನ್ನು ಅವರು ಹೇಳಲೇ ಇಲ್ಲ. ವಕೀಲರ ಫೀಸಿನ ರಸೀದಿ ನೋಡಿ ನಾನೇ ಕೇಳಿದೆ. ಜನವರಿಯಲ್ಲಿ ಒಂದು ಲೋಡ್, 25 ಟನ್ ಅಕ್ಕಿ, ಕೆಜಿಗೆ 36 ರೂಪಾಯಿಯಂತೆ 9 ಲಕ್ಷದ ಮಾಲು ಕೇರಳಕ್ಕೆ ಹೋಗಿತ್ತು. ಸರಿಯಾಗಿ ಒಣಗದ ಮಾಲು. ಅಲ್ಲಿ ಇಳಿಸುವಷ್ಟರಲ್ಲಿ ಬೂಸ್ಟು ಹಿಡಿದಿತ್ತು. ಆ ವ್ಯಾಪಾರಿ ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ದ. 9 ಲಕ್ಷ ವಾಪಸ್ ಕೊಡಿ ಅಂತ ಮಾರ್ಚ್‌ನಲ್ಲಿ ದಾವೆ ಹಾಕಿದ.

"ಇದನ್ನ ಯಾಕೆ ಬರೀಬೇಕು ಸಾರ್? ಕೋರ್ಟು ಇನ್ನೂ ಏನೂ ಹೇಳಿಲ್ಲ. ತೀರ್ಪು ಬಂದಾಗ ನೋಡೋಣ" ಅಂದರು ಯಜಮಾನರು.

ಕೇಳುಗರೇ, ಅದೇ ಪ್ರಶ್ನೆ ಇಲ್ಲಿ ಹಾಕಿ. ಮಾಲು ಹೋಗಿದ್ದು ಜನವರಿಯಲ್ಲಿ. ಕೆಟ್ಟಿದ್ದೂ ಆಗಲೇ. ಮಾರ್ಚ್ 31ರ ರಾತ್ರಿ ಮಿಲ್ಲು ಮುಚ್ಚಿದ್ದರೂ ಆ ದಾವೆ ಹೋಗುತ್ತಿತ್ತಾ? ಇಲ್ಲ. ಮುಂದೆ ನಾವು ಏನು ಮಾಡಿದರೂ ಜನವರಿಯ ಲೋಡ್ ಬದಲಾಗುವುದಿಲ್ಲ.

ಅಂದರೆ ಮೊದಲ ಮೆಟ್ಟಿಲು ದಾಟಿದೆವು. ಎರಡನೆಯ ಮೆಟ್ಟಿಲು ಏನೆಂದರೆ, ದುಡ್ಡು ಕೈಬಿಡುವ ಸಾಧ್ಯತೆ ಎಷ್ಟು? ಅರ್ಧಕ್ಕಿಂತ ಜಾಸ್ತಿ ಇದ್ದರೆ ಸಾಕು. ಖಾತ್ರಿ ಆಗಬೇಕು ಅಂತ ಇಲ್ಲ, ತೀರ್ಪು ಬರಬೇಕು ಅಂತಲೂ ಇಲ್ಲ. ಸೋಲುವುದು ಗೆಲ್ಲುವುದಕ್ಕಿಂತ ಹೆಚ್ಚು ಸಂಭವ ಅನ್ನಿಸಿದರೆ ಮುಗಿಯಿತು.

ಅದನ್ನು ನಾನಾಗಲಿ ಯಜಮಾನರಾಗಲಿ ಊಹೆ ಮಾಡುವ ಹಾಗಿಲ್ಲ. ವಕೀಲರಿಂದ ಪತ್ರ ತರಿಸಿದೆವು. ಮೇ ತಿಂಗಳಲ್ಲಿ ಬಂತು. ಲ್ಯಾಬ್ ರಿಪೋರ್ಟ್ ನಮಗೆ ವಿರುದ್ಧ ಇದೆ, ಸೋಲುವ ಸಂಭವವೇ ಹೆಚ್ಚು, ಸ್ವಲ್ಪ ಮಾಲನ್ನು ಅವರು ಕೋಳಿ ಆಹಾರಕ್ಕೆ ಮಾರಿಕೊಂಡಿರುವುದರಿಂದ 6 ಲಕ್ಷದ ಸುತ್ತ ನಿಲ್ಲಬಹುದು ಅಂತ ಬರೆದಿದ್ದರು. "ಪತ್ರ ಮೇ ತಿಂಗಳದ್ದು, ಮಾರ್ಚ್‌ಗೆ ಹೇಗೆ ಅನ್ವಯ ಆಗುತ್ತೆ?" ಅಂತ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಪತ್ರ ಮೇನಲ್ಲಿ ಬಂದರೂ ಅದು ಹೇಳುತ್ತಿರುವುದು ಜನವರಿಯ ಮಾಲಿನ ಕಥೆ. ಲೆಕ್ಕಕ್ಕೆ ಸಹಿ ಆಗುವ ಮುಂಚೆ ಅಂಥ ಮಾಹಿತಿ ಬಂದರೆ ಅದನ್ನು ಬಳಸಲೇಬೇಕು.

ಮೂರನೆಯ ಮೆಟ್ಟಿಲು, ಮೊತ್ತವನ್ನು ನಂಬುವ ಹಾಗೆ ಅಂದಾಜು ಮಾಡಲು ಆಗಬೇಕು. 6 ಲಕ್ಷ ಸಿಕ್ಕಿತು. ಮೂರೂ ಮೆಟ್ಟಿಲು ದಾಟಿದ್ದರಿಂದ ಲಾಭ ನಷ್ಟದ ಲೆಕ್ಕದಲ್ಲಿ 6 ಲಕ್ಷ ಖರ್ಚು, ಬ್ಯಾಲೆನ್ಸ್ ಶೀಟಿನಲ್ಲಿ 6 ಲಕ್ಷ ಪ್ರಾವಿಷನ್. ಕೇಳಿದ್ದು 9 ಲಕ್ಷ ಅಲ್ವಾ, ಉಳಿದ 3 ಲಕ್ಷ? ಅದು ಬರಬಹುದು, ಆದರೆ ಸಂಭವ ಅರ್ಧಕ್ಕಿಂತ ಕಡಿಮೆ. ಅದನ್ನು ಲೆಕ್ಕದ ಕೆಳಗಿನ ಟಿಪ್ಪಣಿಯಲ್ಲಿ ಬರೆದು ತಿಳಿಸಿದೆವು. ಇದೇ ಕಂಟಿಂಜೆಂಟ್ ಲಯಬಿಲಿಟಿ. ಅಂಕಿಗೆ ಸೇರುವುದಿಲ್ಲ, ಓದುವವರ ಕಣ್ಣಿಗೆ ಬೀಳುತ್ತದೆ.

ವಕೀಲರು "ಗೆಲ್ಲುವ ಸಂಭವ ಜಾಸ್ತಿ, ಆದರೂ ಹೇಳೋಕಾಗಲ್ಲ" ಅಂತ ಬರೆದಿದ್ದರೆ ಪೂರ್ತಿ 9 ಲಕ್ಷವೂ ಬರೀ ಟಿಪ್ಪಣಿಗೆ ಹೋಗುತ್ತಿತ್ತು. "ಈ ದಾವೆಗೆ ಬುಡವೇ ಇಲ್ಲ" ಅಂದಿದ್ದರೆ ಟಿಪ್ಪಣಿಯೂ ಬೇಕಿರಲಿಲ್ಲ.

ಮೂರನೆಯ ಸಂಗತಿಗೆ ಯಜಮಾನರು ಖುಷಿಯಾಗಿ ಬಂದರು. ಫೆಬ್ರವರಿಯಲ್ಲಿ ಗೋಣಿಚೀಲದ ಗೋಡೌನ್‌ಗೆ ಬೆಂಕಿ ಬಿದ್ದಿತ್ತು. 20 ಲಕ್ಷಕ್ಕೆ ಇನ್ಶೂರೆನ್ಸ್ ಕ್ಲೇಮ್ ಹಾಕಿದ್ದರು. ಸರ್ವೇಯರ್ ಬಂದು ನೋಡಿ, 15 ಲಕ್ಷಕ್ಕೆ ಶಿಫಾರಸು ಮಾಡಿ ಹೋಗಿದ್ದರು. "ಇದು ಬಂದೇ ಬರುತ್ತೆ ಸಾರ್. ಆದಾಯಕ್ಕೆ ತಗೊಳ್ಳಿ."

ಆಗುವುದಿಲ್ಲ. ಇಲ್ಲಿ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಬ್ಯಾಂಕಿಗೆ ತೋರಿಸುವ ಲೆಕ್ಕ ಕೆಡುವುದು ಇಲ್ಲೇ. ಹೋಗುವ ದುಡ್ಡಿಗೆ ಅರ್ಧಕ್ಕಿಂತ ಜಾಸ್ತಿ ಸಂಭವ ಇದ್ದರೆ ಬರೆಯಬೇಕು. ಬರುವ ದುಡ್ಡಿಗೆ ಅಷ್ಟು ಸಾಲದು, ಹೆಚ್ಚೂಕಡಿಮೆ ಖಾತ್ರಿ ಆಗಿರಬೇಕು. ಸರ್ವೇಯರ್ ಶಿಫಾರಸು ಖಾತ್ರಿ ಅಲ್ಲ, ವಿಮಾ ಕಂಪನಿ ಕಡಿತ ಮಾಡಬಹುದು, ತಿರಸ್ಕರಿಸಲೂಬಹುದು. ಒಪ್ಪಿಗೆ ಪತ್ರ ಬಂದ ವರ್ಷ ಅದು ಆದಾಯ. ಇವರಿಗೆ ಆಗಸ್ಟ್‌ನಲ್ಲಿ ಬಂತು, ಹಾಗಾಗಿ ಮುಂದಿನ ವರ್ಷಕ್ಕೆ ಹೋಯಿತು. ಸುಟ್ಟ ಚೀಲದ ನಷ್ಟ ಮಾತ್ರ ಫೆಬ್ರವರಿಯದ್ದೇ, ಈ ವರ್ಷದ್ದೇ. ಯಜಮಾನರಿಗೆ ಇದು ಅನ್ಯಾಯ ಅನ್ನಿಸಿತು. ಆದರೆ ಸಾಲ ಕೊಡುವವರ ಜಾಗದಲ್ಲಿ ನಿಂತು ನೋಡಿ. ಬಾರದ ದುಡ್ಡನ್ನು ಬಂದಿದೆ ಅಂತ ತೋರಿಸಿದರೆ ಅವರು ಯಾವುದನ್ನು ನಂಬಿ ಕೊಡಬೇಕು?

ಅಂದಹಾಗೆ, ಬರಬಹುದಾದ ಇಂಥ ಆಸ್ತಿಯನ್ನು ಎಎಸ್ 29ರಲ್ಲಿ ಟಿಪ್ಪಣಿಯಲ್ಲಿ ಕೂಡ ಬರೆಯುವಂತಿಲ್ಲ. ಬೇಕಿದ್ದರೆ ನಿರ್ದೇಶಕರ ವರದಿಯಲ್ಲಿ ಹೇಳಬಹುದು. ಇಂಡ್ ಎಎಸ್ 37 ಅನುಸರಿಸುವ ದೊಡ್ಡ ಕಂಪನಿಗಳು ಸಂಭವ ಜಾಸ್ತಿ ಇದ್ದಾಗ ಟಿಪ್ಪಣಿಯಲ್ಲಿ ತಿಳಿಸುತ್ತವೆ.

ಕೊನೆಗೆ ಏನಾಯಿತು ನೋಡಿ. ಬರೆಯಿರಿ ಅಂದ 14 ಲಕ್ಷ ಬರೆಯಲಿಲ್ಲ. ಬೇಡ ಅಂದ 6 ಲಕ್ಷ ಬರೆದೆವು. ಖಂಡಿತ ಬರುತ್ತೆ ಅಂದ 15 ಲಕ್ಷ ಕಾಯಬೇಕಾಯಿತು. ಮೊದಲ ಎರಡನ್ನು ತೀರ್ಮಾನಿಸಿದ್ದು ಮಾರ್ಚ್ 31ರ ರಾತ್ರಿಯ ಪ್ರಶ್ನೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಯಂತ್ರ ಮಾರಿ ವಾರಂಟಿ ಕೊಡುವವರು, ಯಾವ ಯಂತ್ರ ಕೆಡುತ್ತದೆ ಅಂತ ಗೊತ್ತಿಲ್ಲ ಅನ್ನಬೇಡಿ. ಒಂದೊಂದನ್ನೇ ನೋಡುವುದಲ್ಲ, ಮಾರಿದ ಎಲ್ಲವನ್ನೂ ಒಟ್ಟಿಗೆ ನೋಡಿ, ಹಿಂದಿನ ವರ್ಷಗಳ ರಿಪೇರಿ ಖರ್ಚಿನ ಮೇಲೆ ಅಂದಾಜು ಹಾಕಿ. ಮಾರಿದ ಕ್ಷಣದಲ್ಲೇ ಹೊಣೆ ಬಂತು. ಜಿಎಸ್‌ಟಿ ಆದೇಶದ ಮೇಲೆ ಅಪೀಲು ಹೋಗಿದ್ದೀರಾ? ಅಪೀಲು ಹಾಕಿದ ಮಾತ್ರಕ್ಕೆ ಅದು ಟಿಪ್ಪಣಿಗೆ ಹೋಗುವುದಿಲ್ಲ. ಸೋಲುವ ಸಂಭವ ಅರ್ಧಕ್ಕಿಂತ ಜಾಸ್ತಿ ಇದ್ದರೆ ಪ್ರಾವಿಷನ್ನೇ ಆಗಬೇಕು. ಆದಾಯ ತೆರಿಗೆಯ ಲೆಕ್ಕಕ್ಕೆ ಅಳತೆ ಬೇರೆ, ಅಲ್ಲಿ ಇನ್ನಷ್ಟು ಖಚಿತತೆ ಕೇಳುತ್ತಾರೆ. ಎರಡನ್ನೂ ಕಲಸಬೇಡಿ.

ಇನ್ನೊಂದು. ಲಾಭ ಜಾಸ್ತಿ ಇದ್ದ ವರ್ಷ ಸುಮ್ನೆ ದೊಡ್ಡ ಪ್ರಾವಿಷನ್ ಹಾಕಿ, ಲಾಭ ಕಡಿಮೆ ಆದ ವರ್ಷ ಬಿಡಿಸಿಕೊಳ್ಳುವ ಅಭ್ಯಾಸ ಕೆಲವರಿಗಿದೆ. ಆಡಿಟರ್ ಇದನ್ನು ಹೇಗೆ ಹಿಡಿಯುತ್ತಾರೆ ಗೊತ್ತಾ? ಹೋದ ವರ್ಷ ಎಷ್ಟು ಹಾಕಿದ್ದರು, ಅದರಲ್ಲಿ ನಿಜವಾಗಿ ಎಷ್ಟು ಖರ್ಚಾಯಿತು ಅಂತ ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಯಾವ ಕೆಲಸಕ್ಕೆ ತೆಗೆದಿಟ್ಟಿರೋ ಆ ಕೆಲಸಕ್ಕೆ ಮಾತ್ರ ಪ್ರಾವಿಷನ್ ಬಳಸಬೇಕು.

ಈ ಸಲ ಲೆಕ್ಕ ಮುಗಿಸುವ ಮುಂಚೆ ಬಾಕಿ ಇರುವ ಪ್ರತಿ ಕೇಸಿಗೂ ವಕೀಲರಿಂದ ಬರಹದಲ್ಲಿ ಮೂರು ಉತ್ತರ ತೆಗೆದುಕೊಳ್ಳಿ. ಘಟನೆ ನಡೆದದ್ದು ಯಾವ ದಿನ, ಸೋಲುವ ಸಂಭವ ಅರ್ಧಕ್ಕಿಂತ ಜಾಸ್ತಿಯಾ ಕಡಿಮೆಯಾ, ಸೋತರೆ ಎಷ್ಟು. "ಕೇಸು ನಡೀತಾ ಇದೆ" ಅಂತ ಒಂದು ಸಾಲು ಬರೆದು ಕಳಿಸಿದರೆ ಒಪ್ಪಬೇಡಿ, ವಾಪಸ್ ಕಳಿಸಿ ಮತ್ತೆ ಕೇಳಿ. ಆ ಪತ್ರ ಇಲ್ಲದೆ ನಿಮ್ಮ ಆಡಿಟರ್‌ಗೆ ಕೆಲಸ ಮುಂದುವರಿಸಲು ಆಗುವುದಿಲ್ಲ.

ನಮಸ್ಕಾರ.