ಆಲದ ಮರಕ್ಕೆ ಕಟ್ಟಿದ ಸತ್ತೆ

ರೈತ ಬಾಂಧವರಿಗೆ, ಅದರಲ್ಲೂ ಬೆಳಗಾದರೆ ಕೊಟ್ಟಿಗೆಗೆ ಹೋಗುವ ಅಕ್ಕ ತಂಗಿಯರಿಗೆ ನಮಸ್ಕಾರ. ನಾನು ಪಶುವೈದ್ಯ. ಇವತ್ತು ಕಂದು ರೋಗದ ಬಗ್ಗೆ ಮಾತಾಡೋಣ. ಡಾಕ್ಟರುಗಳು ಇದನ್ನು ಬ್ರುಸೆಲ್ಲೋಸಿಸ್ ಅನ್ನುತ್ತಾರೆ. ಇದರ ಬಗ್ಗೆ ನೂರು ಮಾತು ಹೇಳಬಹುದು, ಆದರೆ ನೀವು ಒಂದನ್ನು ನೆನಪಿಟ್ಟುಕೊಂಡರೆ ನನಗೆ ಸಾಕು. ಹಸು ಕಂದು ಹಾಕಿದರೆ ಆ ಕಂದನ್ನೂ ಸತ್ತೆಯನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಗುಂಡಿ ತೋಡಿ ಹೂಳಿ.

ಸತ್ತೆಗೆ ಕೆಲವು ಕಡೆ ಮಾಸು ಅಂತೀರಿ, ಕೆಲವು ಕಡೆ ಕಸ ಅಂತೀರಿ. ಎಲ್ಲಾ ಒಂದೇ.

ಮಂಡ್ಯ ಜಿಲ್ಲೆಯ ಒಂದು ಊರಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ಮನೆಯಲ್ಲಿ ಮೂರು ಹಸು ಇದ್ದವು. ಸಂತೆಯಿಂದ ನಾಲ್ಕನೆಯದನ್ನು ತಂದರು. ಕಪ್ಪು ಬಿಳುಪು ಮಿಶ್ರತಳಿ ಹಸು, 6 ತಿಂಗಳ ಗಬ್ಬ, ನೋಡೋಕೆ ಲಕ್ಷಣವಾಗಿತ್ತು. ಬಂದ ಮುಂದಿನ ತಿಂಗಳೇ ಕಂದು ಹಾಕಿತು. ಬಂಡಿಯಲ್ಲಿ ಬಂದಿದೆ, ಕುಲುಕಾಟಕ್ಕೆ ಹೀಗಾಯಿತು ಅಂದುಕೊಂಡರು. ಮನೆಯ ಸೊಸೆ ಕಂದನ್ನು ಕೈಯಲ್ಲೇ ಎತ್ತಿ ತಿಪ್ಪೆಗೆ ಹಾಕಿದಳು. ಸತ್ತೆ ಬಿದ್ದಿರಲಿಲ್ಲ. ಮಗ ಕೈ ಹಾಕಿ ಎಳೆದು ತೆಗೆದ. ರಾತ್ರಿ ನಾಯಿಗಳು ಕಂದನ್ನು ತಿಪ್ಪೆಯಿಂದ ಎಳೆದು ಪಕ್ಕದ ಮನೆಯ ಹುಲ್ಲಿನ ಮೆದೆಯ ಹತ್ತಿರ ತಿಂದು ಹಾಕಿದವು.

ಮರುವರ್ಷ ಅದೇ ಹಸು ದಿನ ತುಂಬಿ ಚೆನ್ನಾಗಿ ಕರು ಹಾಕಿತು. ಮನೆಯವರಿಗೆಲ್ಲ ಖುಷಿ. ದೋಷ ಕಳೆಯಿತು ಅಂದರು. ಅವರ ಅಜ್ಜಿ ಪದ್ಧತಿ ಪ್ರಕಾರ ಸತ್ತೆಯನ್ನು ಹುಲ್ಲಲ್ಲಿ ಸುತ್ತಿಸಿ ಕೆರೆ ಏರಿ ಪಕ್ಕದ ಆಲದ ಮರಕ್ಕೆ ಕಟ್ಟಿಸಿದರು. ಆಲದ ಮರದಲ್ಲಿ ಹಾಲಿದೆ, ಅದಕ್ಕೆ ಕಟ್ಟಿದರೆ ಹಸುವಿಗೂ ಹಾಲು ಜಾಸ್ತಿ ಆಗುತ್ತದೆ ಅನ್ನೋದು ನಂಬಿಕೆ. ನಿಮ್ಮ ಊರಲ್ಲೂ ಉಂಟು, ಅಲ್ವಾ? ಮಧ್ಯಾಹ್ನ ಊರಿನ ದನವೆಲ್ಲ ಮಲಗುವುದು ಅದೇ ಮರದ ನೆರಳಲ್ಲಿ. ಮೇಲಿಂದ ಸತ್ತೆ ತೊಟ್ಟಿಕ್ಕುತ್ತಿದೆ, ಕೆಳಗೆ ದನ ಮೇಯುತ್ತಿದೆ.

ಆ ವರ್ಷ ಅವರ ಮನೆಯ ಇನ್ನೊಂದು ಹಸು 7ನೇ ತಿಂಗಳಲ್ಲಿ ಕಂದು ಹಾಕಿತು. ಪಕ್ಕದ ಮನೆಯ ಮಣಕ ಹಾಕಿತು. ಮೇಲಿನ ಬೀದಿಯಲ್ಲಿ ಒಂದು ಎಮ್ಮೆ ಹಾಕಿತು. ಆಗ ನನ್ನನ್ನು ಕರೆದರು. ಮೊದಲನೇ ಸಲವೇ ಯಾಕೆ ಕರೆಯಲಿಲ್ಲ ಅಂತ ಕೇಳಿದೆ. "ಒಂದು ಹಸು ಹಾಕಿದ್ದಕ್ಕೆಲ್ಲ ಡಾಕ್ಟರನ್ನ ಕರೀತಾರಾ ಸಾರ್?" ಅಂದರು. ಕರೆಯಬೇಕು ಸ್ವಾಮಿ. ಒಂದು ಹಾಕಿದಾಗಲೇ ಕರೆಯಬೇಕು.

ನಾಲ್ಕೂ ಹಸುಗಳ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆ. ಮೂರಕ್ಕೆ ರೋಗ ಇತ್ತು. ಚೆನ್ನಾಗಿ ಕರು ಹಾಕಿತಲ್ಲ, ಆ ಸಂತೆಯ ಹಸು, ಅದಕ್ಕೂ ಇತ್ತು. ಇಲ್ಲೇ ಎಲ್ಲರೂ ಮೋಸ ಹೋಗುವುದು. ಸಾಮಾನ್ಯವಾಗಿ ಈ ರೋಗ ಬಂದ ಹಸು ಒಂದು ಸಲ ಕಂದು ಹಾಕುತ್ತದೆ. ಆಮೇಲೆ ದಿನ ತುಂಬಿ ಈಯುತ್ತದೆ. ಆದರೆ ರೋಗಾಣು ಮೈಯಲ್ಲೇ ಇರುತ್ತದೆ. ಈದಾಗ ಸತ್ತೆಯಲ್ಲಿ, ನೀರಲ್ಲಿ, ಆಮೇಲೆ ಹಾಲಲ್ಲಿ ಹೊರಗೆ ಬರುತ್ತಲೇ ಇರುತ್ತದೆ. ಇದನ್ನು ಪೂರ್ತಿ ವಾಸಿ ಮಾಡುವ ಔಷಧಿ ಹಸುವಿಗೆ ಇಲ್ಲ.

ಅದೇ ಮನೆಯ ಸೊಸೆಗೆ ತಿಂಗಳುಗಟ್ಟಲೆ ಜ್ವರ. ಸಂಜೆ ಬರುತ್ತದೆ, ರಾತ್ರಿ ಸೀರೆ ನೆನೆಯುವಷ್ಟು ಬೆವರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಸೊಂಟ ನೋವು, ಕೀಲು ನೋವು. ಟೈಫಾಯಿಡ್ ಅಂತ ಮಾತ್ರೆ ಕೊಟ್ಟರು, ಮಲೇರಿಯಾ ಅಂತ ಕೊಟ್ಟರು. ಕೊನೆಗೆ ಒಬ್ಬ ಡಾಕ್ಟರು "ಮನೆಯಲ್ಲಿ ದನ ಇದೆಯೇನಮ್ಮಾ? ಯಾವುದಾದರೂ ಕಂದು ಹಾಕಿತ್ತಾ?" ಅಂತ ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದರೆ ಅದೇ ರೋಗ. 6 ವಾರ ಎರಡು ಥರದ ಮಾತ್ರೆ ನುಂಗಿದ ಮೇಲೆ ಹುಷಾರಾದಳು. ಕಂದನ್ನು ಬರಿಗೈಯಲ್ಲಿ ಎತ್ತಿದ್ದಳಲ್ಲ, ಬೆರಳಲ್ಲಿ ಕುಡುಗೋಲಿನ ಗಾಯ ಇತ್ತಂತೆ. ಅಷ್ಟು ಸಾಕು.

ನಾನು ಕಂದು, ಸತ್ತೆ ಅಂತ ಇಷ್ಟು ಹಟ ಮಾಡುವುದಕ್ಕೆ ಕಾರಣ ಇದೆ. ಗಬ್ಬದ ಹಸುವಿನ ಗರ್ಭಕೋಶದಲ್ಲಿ ಎರಿಥ್ರಿಟಾಲ್ ಅನ್ನುವ ಒಂದು ಸಿಹಿ ಪದಾರ್ಥ ಇರುತ್ತದೆ. ಈ ರೋಗಾಣುವಿಗೆ ಅದು ಹಬ್ಬದೂಟ. ಅದನ್ನು ತಿಂದು ಅಲ್ಲೇ ಕೋಟಿಗಟ್ಟಲೆ ಬೆಳೆಯುತ್ತದೆ. ಸತ್ತೆ ಕೊಳೆತು ಸಡಿಲವಾದಾಗ ಕರು ಒಳಗೇ ಸತ್ತು ಬೀಳುತ್ತದೆ. ಅದಕ್ಕೇ ಆ ಕಂದಿನಲ್ಲಿ, ಸತ್ತೆಯಲ್ಲಿ, ಆಮೇಲೆ ಸೋರುವ ನೀರಲ್ಲಿ ಇರುವಷ್ಟು ರೋಗಾಣು ಹಸುವಿನ ಮೈಯಲ್ಲಿ ಬೇರೆಲ್ಲೂ ಇರುವುದಿಲ್ಲ. ಬೇರೆ ಹಸು ಬಂದು ಅದನ್ನು ಮೂಸುತ್ತದೆ, ನೆಕ್ಕುತ್ತದೆ, ಅದು ಬಿದ್ದ ಹುಲ್ಲು ತಿನ್ನುತ್ತದೆ. ರೋಗ ಬಾಯಿಂದ ಒಳಗೆ ಹೋಯಿತು. ಬಿಸಿಲಿಗೆ ಈ ರೋಗಾಣು ಬೇಗ ಸಾಯುತ್ತದೆ. ನೆರಳಲ್ಲಿ, ಒದ್ದೆಯಲ್ಲಿ, ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಡಾಕ್ಟರಿಗೆ ಫೋನ್ ಮಾಡಿ, ಪರೀಕ್ಷೆಗೆ ಏನು ಬೇಕೋ ಅವರು ತೆಗೆದುಕೊಳ್ಳಲಿ. ಅವರು ಬರುವವರೆಗೆ ಕಂದು, ಸತ್ತೆಯ ಮೇಲೆ ಮಂಕರಿ ಮುಚ್ಚಿ ಕಲ್ಲು ಹೇರಿ. ನಾಯಿ ಮುಟ್ಟಬಾರದು. ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಕೈಗವಸು ಹಾಕಿಕೊಳ್ಳಿ. ಇಲ್ಲವಾದರೆ ಗಟ್ಟಿ ಪ್ಲಾಸ್ಟಿಕ್ ಕವರನ್ನು ಎರಡು ಪದರ ಮಾಡಿ ಮೊಣಕೈವರೆಗೆ ಕಟ್ಟಿಕೊಳ್ಳಿ. ಮೂಗು ಬಾಯಿಗೆ ಟವಲ್ಲು ಸುತ್ತಿಕೊಳ್ಳಿ. ಬಾವಿ, ಕೆರೆ, ಕಾಲುವೆಯಿಂದ ದೂರದಲ್ಲಿ 4 ಅಡಿಗೆ ಕಡಿಮೆ ಇಲ್ಲದಂತೆ ಗುಂಡಿ ತೋಡಿ. ತಳಕ್ಕೆ ಸುಣ್ಣ ಹಾಕಿ. ಕಂದು, ಸತ್ತೆ, ನೆನೆದ ಹುಲ್ಲು, ನೀರು ಇಂಗಿದ ಮಣ್ಣು, ಎಲ್ಲವನ್ನೂ ಹಾಕಿ. ಮೇಲೆ ಮತ್ತೆ ಸುಣ್ಣ, ಆಮೇಲೆ ಮಣ್ಣು, ಅದರ ಮೇಲೆ ಜಾಲಿ ಮುಳ್ಳು. ಒಂದೂವರೆ ಅಡಿ ತೋಡಿ ಮುಗಿಸಿದರೆ ನಾಯಿ ಅರ್ಧ ರಾತ್ರಿಯಲ್ಲಿ ಕೆದಕಿ ತೆಗೆಯುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಕೊಟ್ಟಿಗೆಯ ನೆಲಕ್ಕೆ ಮೊದಲೇ ಬ್ಲೀಚಿಂಗ್ ಪುಡಿ ಎರಚಬೇಡಿ. ಸಗಣಿಯ ಮೇಲೆ ಅದು ಕೆಲಸ ಮಾಡುವುದಿಲ್ಲ. ಕೆರೆದು, ತೊಳೆದು, ಆಮೇಲೆ ಹಾಕಿ. ಸತ್ತೆ ಬೀಳದಿದ್ದರೆ ಕೈ ಹಾಕಿ ಎಳೆಯಬೇಡಿ, ಅದು ಡಾಕ್ಟರ ಕೆಲಸ. ಹಸುವನ್ನು ಸೋರುವುದು ನಿಲ್ಲುವವರೆಗೆ, ಅಂದರೆ ಸುಮಾರು ಒಂದು ತಿಂಗಳು, ಬೇರೆ ಕಟ್ಟಿ.

ಆ ಅಜ್ಜಿಗೂ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಂಡಿ ಮೇಲೆ ಒಂದು ಆಲದ ಕೊಂಬೆ ನೆಡಬಹುದೇನಪ್ಪಾ?" ಅಂದರು. ಧಾರಾಳವಾಗಿ ನೆಡಿ ಅಜ್ಜಿ ಅಂದೆ. ಈಗ ಆ ಮನೆಯಲ್ಲಿ ಯಾವ ಹಸು ಈದರೂ, ಕಂದು ಹಾಕಲಿ ಹಾಕದಿರಲಿ, ಸತ್ತೆ ಗುಂಡಿಗೇ ಹೋಗುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೆಣ್ಣು ಕರುವಿಗೆ 4 ರಿಂದ 8 ತಿಂಗಳೊಳಗೆ ಕಂದು ರೋಗದ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ. ಸರ್ಕಾರದಿಂದ ಪುಕ್ಕಟೆ. ಗಂಡು ಕರುವಿಗೆ, ಗಬ್ಬದ ಹಸುವಿಗೆ ಇದನ್ನು ಹಾಕುವುದಿಲ್ಲ. ಕರುವಿಗೆ 9 ತಿಂಗಳಾದ ಮೇಲೆ ನೆನಪಾಯಿತು ಅಂತ ಬರಬೇಡಿ. ಹಾಲನ್ನು ಚೆನ್ನಾಗಿ ಉಕ್ಕಿಸಿಯೇ ಕುಡಿಯಿರಿ, ಕರೆದ ಬಿಸಿಗೇ ಕುಡಿದರೆ ಶಕ್ತಿ ಅನ್ನುವ ಮಾತು ಬಿಡಿ. ಸಂತೆಯಿಂದ ಹಸು ತಂದರೆ ರಕ್ತ ಪರೀಕ್ಷೆ ಆಗುವವರೆಗೆ ನಿಮ್ಮ ದನದ ಜೊತೆ ಕಟ್ಟಬೇಡಿ. ಕಂದು ಹಾಕಿದ ಹಸುವನ್ನು ಅದೇ ಸಂತೆಗೆ ಹೊಡೆಯಬೇಡಿ, ಇನ್ನೊಬ್ಬರ ಮನೆಯ ಸೊಸೆಯೂ ಬರಿಗೈಯಲ್ಲೇ ಎತ್ತುತ್ತಾಳೆ.

ಸುಣ್ಣದ ಒಂದು ಚೀಲವನ್ನು ಇವತ್ತೇ ತಂದು ಕೊಟ್ಟಿಗೆಯ ಅಟ್ಟದ ಮೇಲೆ ಇಡಿ. ಹಸು ಕಂದು ಹಾಕುವುದು ನಡುರಾತ್ರಿಯಲ್ಲೂ ಇರಬಹುದು, ಆಗ ಅಂಗಡಿ ತೆಗೆದಿರುವುದಿಲ್ಲ. ನಮಸ್ಕಾರ.