ಟಿಎಸ್‌ಎಚ್ ನಾರ್ಮಲ್ ಇದ್ದರೂ ಥೈರಾಯ್ಡ್ ಸೋತಿರಬಹುದು
(ಶಿರಸಿಯಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅರ್ಧ ಜನರ ಮನೆಯಲ್ಲಾದರೂ ಒಂದು ಥೈರಾಯ್ಡ್ ರಿಪೋರ್ಟ್ ಇರುತ್ತದೆ. ಅದರಲ್ಲಿ ಟಿಎಸ್‌ಎಚ್ ಅಂತ ಒಂದು ಸಾಲು. ಅದರ ಎದುರಿನ ಅಂಕಿ 0.4 ಮತ್ತು 4ರ ನಡುವೆ ಇದ್ದರೆ 'ಥೈರಾಯ್ಡ್ ಏನೂ ಇಲ್ಲ' ಎಂದು ಕಾಗದ ಮಡಚಿ ಇಡುತ್ತೇವೆ. ಹೆಚ್ಚಿನ ಸಲ ಅದು ಸರಿಯೇ. ಸರಿಯಲ್ಲದ ಒಂದು ಸಲದ ಕಥೆ ಹೇಳಲು ಇವತ್ತು ಬಂದಿದ್ದೇನೆ. ಆ ಸಲ ಕಾಗದ ಮಡಚಿದವನು ನಾನೇ.

ಮೊದಲು ಟಿಎಸ್‌ಎಚ್ ಏನು ಅಂತ ನೋಡೋಣ. ಅದು ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವುದಿಲ್ಲ. ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ, ಅಲ್ಲಿ ಹುಟ್ಟುತ್ತದೆ. ಥೈರಾಯ್ಡ್ ಮಾಡುವುದು ಥೈರಾಕ್ಸಿನ್. ಅದರ ಬಹುಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಹತ್ತು ಸಾವಿರದಲ್ಲಿ ಎರಡು-ಮೂರು ಪಾಲು ಮಾತ್ರ ಬಿಡಿಯಾಗಿ ಓಡಾಡುತ್ತದೆ. ಜೀವಕೋಶಕ್ಕೆ ತಲುಪುವುದು ಆ ಬಿಡಿ ಪಾಲು. ರಿಪೋರ್ಟಿನಲ್ಲಿ 'ಫ್ರೀ ಟಿ-4' ಅನ್ನುವುದು ಅದಕ್ಕೇ.

ನಮ್ಮ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದ ಮೇಲಿದ್ದಾನೆ. ಕೆಳಗೆ ಯಜಮಾನ ನಿಂತಿದ್ದಾನೆ. ಕೊನೆ ಇಳಿಯುವುದು ನಿಧಾನವಾದರೆ ಯಜಮಾನ ಕೂಗುತ್ತಾನೆ. ಇನ್ನೂ ನಿಧಾನವಾದರೆ ಇನ್ನೂ ಜೋರಾಗಿ ಕೂಗುತ್ತಾನೆ. ಅಂಗಳ ತುಂಬಿದರೆ ಸುಮ್ಮನಾಗುತ್ತಾನೆ. ಕೊನೆಗೌಡ ಥೈರಾಯ್ಡ್, ಇಳಿಯುವ ಕೊನೆ ಥೈರಾಕ್ಸಿನ್, ಯಜಮಾನನ ಕೂಗು ಟಿಎಸ್‌ಎಚ್. ಅಂದರೆ ನಾವು ಟಿಎಸ್‌ಎಚ್ ಅಳೆದಾಗ ಕೊನೆ ಎಣಿಸುತ್ತಿಲ್ಲ. ಕೂಗು ಕೇಳಿ, ಕೊನೆ ಎಷ್ಟು ಇಳಿದಿರಬಹುದು ಎಂದು ಊಹಿಸುತ್ತಿದ್ದೇವೆ.

ಹಾಗಾದರೆ ನೇರವಾಗಿ ಕೊನೆಯನ್ನೇ ಯಾಕೆ ಎಣಿಸಬಾರದು? ಯಾಕೆಂದರೆ ಈ ಯಜಮಾನ ತುಂಬಾ ಸೂಕ್ಷ್ಮ ಮನುಷ್ಯ. ಫ್ರೀ ಟಿ-4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಸುಮಾರು ನೂರು ಪಟ್ಟು ಏರುತ್ತದೆ ಅನ್ನುವುದು ನಮ್ಮ ಓದಿನ ಹಳೆಯ ಲೆಕ್ಕ. ಒಂದು ಉದಾಹರಣೆ ನೋಡಿ. ಒಬ್ಬರ ಫ್ರೀ ಟಿ-4 ಮಾಮೂಲಿಯಾಗಿ 1.4 ಇರುತ್ತದೆ, ಟಿಎಸ್‌ಎಚ್ 1.5. ಗ್ರಂಥಿ ಸೋಲತೊಡಗಿ ಫ್ರೀ ಟಿ-4 1.0ಕ್ಕೆ ಬಂತು. ಲ್ಯಾಬಿನ ನಾರ್ಮಲ್ 0.8ರಿಂದ 1.8, ಹಾಗಾಗಿ 1.0 ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಆ ಲೆಕ್ಕದ ಪ್ರಕಾರ ಟಿಎಸ್‌ಎಚ್ ಒಂಬತ್ತು ಪಟ್ಟು ಏರಿ 14ರ ಹತ್ತಿರ ಹೋಗಬೇಕು. ನಿಜವಾದ ದೇಹದಲ್ಲಿ ಈ ಗೆರೆ ಇಷ್ಟು ನೀಟಾಗಿ ಇರುವುದಿಲ್ಲ. ನಡುವಿನ ಭಾಗದಲ್ಲಿ ಏರಿಕೆ ಇಷ್ಟು ಕಡಿದಾಗಿಲ್ಲ. ಆದರೂ ಮೊದಲು ದನಿ ಎತ್ತುವುದು ಟಿಎಸ್‌ಎಚ್ಚೇ. ಹಾಗಾಗಿ ಮೊದಲ ಪರೀಕ್ಷೆಯಾಗಿ ಅದನ್ನೇ ಮಾಡಿಸುವುದು ಸರಿ.

ಈ ಇಡೀ ಏರ್ಪಾಟು ಒಂದೇ ನಂಬಿಕೆಯ ಮೇಲೆ ನಿಂತಿದೆ. ಯಜಮಾನನ ಗಂಟಲು ಸರಿಯಾಗಿರಬೇಕು.

ಈಗ ಕಥೆಗೆ ಬರುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕುಮಟಾ ಕಡೆಯ ಸುಮಾರು 34 ವರ್ಷದ ಹೆಂಗಸು. ದೇವಿಮನೆ ಘಟ್ಟ ಹತ್ತಿ ಬಂದಿದ್ದರು, ಜೊತೆಗೆ ಅತ್ತೆ. ಸುಸ್ತು, ಮುಖ ಬಿಳಚಿಕೊಂಡಿದೆ, ಕೆಲಸ ಆಗುವುದಿಲ್ಲ. ಅದಕ್ಕೂ ಮೊದಲು ಎರಡು ಕಡೆ ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನಾನು ಟಿಎಸ್‌ಎಚ್ ಬರೆದೆ. 2.3 ಬಂತು. 'ಥೈರಾಯ್ಡ್ ಅಲ್ಲ ಬಿಡಿ' ಅಂದೆ. ಹೊರಡುವಾಗ ಅತ್ತೆ ಹೇಳಿದರು, "ಡಾಕ್ಟ್ರೇ, ಇವಳಿಗೆ ಏಪ್ರಿಲ್ ತಿಂಗಳಲ್ಲೂ ಕಂಬಳಿ ಬೇಕು ನೋಡಿ." ಕುಮಟಾದ ಏಪ್ರಿಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ. ಥೈರಾಯ್ಡ್ ಸೋತವರಿಗೆ ಚಳಿ ಜಾಸ್ತಿ. ಆದರೂ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರು ತಿಂಗಳ ಮೇಲೆ ವಾಂತಿ ಹಿಡಿದು ಮತ್ತೆ ಕರೆತಂದರು. ರಕ್ತದಲ್ಲಿ ಸೋಡಿಯಂ 122. ಇರಬೇಕಾದದ್ದು 135ರ ಮೇಲೆ. ಈ ಸಲ ಕೂತು ಕೇಳಿದೆ. ಐದು ವರ್ಷದ ಹಿಂದೆ ಎರಡನೇ ಹೆರಿಗೆ. ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವ ಆಗಿ ಪ್ರಜ್ಞೆ ತಪ್ಪಿತ್ತು. ಮಗುವಿಗೆ ಹಾಲು ಬರಲೇ ಇಲ್ಲ. ಆಮೇಲೆ ಮುಟ್ಟೂ ಆಗಲಿಲ್ಲ. 'ಬಾಣಂತನ ಸರಿ ಆಗಲಿಲ್ಲ' ಅಂತ ಮನೆಯವರು ಅಂದುಕೊಂಡಿದ್ದರು. ಆಗ ಫ್ರೀ ಟಿ-4 ಮಾಡಿಸಿದೆ. 0.5.

ಇಲ್ಲಿ ಎರಡು ಅಂಕಿಯನ್ನೂ ಪಕ್ಕಪಕ್ಕ ಇಡಿ. ಆಕೆಯ ಮೊದಲಿನ ಫ್ರೀ ಟಿ-4 1.2ರ ಸುಮಾರಿಗೆ ಇದ್ದಿರಬಹುದು ಅಂದುಕೊಳ್ಳೋಣ. ಈಗ ಅದರ ಅರ್ಧಕ್ಕಿಂತ ಕಡಿಮೆ. ಗಂಟಲು ಸರಿಯಿದ್ದ ಯಜಮಾನ ಊರಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಟಿಎಸ್‌ಎಚ್ ನೂರರ ಆಸುಪಾಸಿಗೆ ಹೋಗಿದ್ದರೂ ಆಶ್ಚರ್ಯ ಇರಲಿಲ್ಲ. ಆದರೆ ಇದ್ದದ್ದು 2.3. ಬೇರೆಯವರಿಗೆ 2.3 ನಾರ್ಮಲ್. 0.5ರ ಪಕ್ಕದಲ್ಲಿ ನಿಂತ 2.3 ನಾರ್ಮಲ್ ಅಲ್ಲ, ಅದೇ ರೋಗ.

ಬಸುರಿಯಲ್ಲಿ ಪಿಟ್ಯುಟರಿ ದಪ್ಪಗಾಗುತ್ತದೆ. ಆದರೆ ಅದಕ್ಕೆ ಹೋಗುವ ರಕ್ತದ ಒತ್ತಡ ಮೊದಲೇ ಕಮ್ಮಿ. ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿ ಬಿಪಿ ಬಿದ್ದರೆ ಗ್ರಂಥಿಗೆ ರಕ್ತ ಸಿಗದೆ ಅದರ ಭಾಗ ಸಾಯುತ್ತದೆ. ಬ್ರಿಟಿಷ್ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದರು. ಹಾಗಾಗಿ ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಇದು ಇನ್ನೂ ಕಾಣುತ್ತದೆ. ಹಾಲು ಬರದಿರುವುದು ಅದರ ಮೊದಲ ಸುಳಿವು. ಥೈರಾಯ್ಡಿನ ಸುಸ್ತು ಎಷ್ಟೋ ವರ್ಷ ಆದಮೇಲೆ ಪತ್ತೆಯಾಗುತ್ತದೆ. ಹೆರಿಗೆಗೂ ಇದಕ್ಕೂ ಯಾರೂ ಗಂಟು ಹಾಕುವುದಿಲ್ಲ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಬೇರೆ. ಪಿಟ್ಯುಟರಿ ಸತ್ತಿದ್ದರೆ ಟಿಎಸ್‌ಎಚ್ ಸೊನ್ನೆ ಆಗಬೇಕಿತ್ತು. 2.3 ಎಲ್ಲಿಂದ ಬಂತು? ಉತ್ತರದ ಒಂದು ಭಾಗ ಲ್ಯಾಬಿನ ವಿಧಾನದಲ್ಲಿದೆ. ಟಿಎಸ್‌ಎಚ್ ಅಳೆಯಲು ಎರಡು ಪ್ರತಿಕಾಯ ಬಳಸುತ್ತಾರೆ. ಒಂದು ಅಣುವನ್ನು ಒಂದು ಕಡೆಯಿಂದ ಹಿಡಿಯುತ್ತದೆ, ಇನ್ನೊಂದು ಮತ್ತೊಂದು ಕಡೆಯಿಂದ. ಇಕ್ಕಳದ ಹಾಗೆ. ಎಷ್ಟು ಅಣು ಸಿಕ್ಕಿತೋ ಅಷ್ಟು ಬೆಳಕು, ಅಷ್ಟು ಅಂಕಿ. ಈ ವಿಧಾನ ಅಣುವಿನ ಆಕಾರ ನೋಡುತ್ತದೆ, ಅದರ ಕಸುಬು ನೋಡುವುದಿಲ್ಲ. ಪೆಟ್ಟು ತಿಂದ ಪಿಟ್ಯುಟರಿಯಲ್ಲಿ ಉಳಿದ ಕೋಶಗಳು ಮಾಡುವ ಟಿಎಸ್‌ಎಚ್‌ಗೆ ಸಕ್ಕರೆಯ ಸರಪಳಿ ಸರಿಯಾಗಿ ಅಂಟಿರುವುದಿಲ್ಲ. ಇಕ್ಕಳಕ್ಕೆ ಸಿಗುತ್ತದೆ, ಥೈರಾಯ್ಡನ್ನು ಮಾತ್ರ ಎಬ್ಬಿಸುವುದಿಲ್ಲ. ಯಜಮಾನ ಬಾಯಿ ಆಡಿಸುತ್ತಿದ್ದಾನೆ, ದನಿಯಲ್ಲಿ ದಮ್ಮಿಲ್ಲ. ಕೆಲವರಲ್ಲಿ ಈ ಅಂಕಿ 5, 6ಕ್ಕೂ ಹೋಗುವುದುಂಟು. ಆಗ ವೈದ್ಯರು ಥೈರಾಯ್ಡೇ ಸ್ವಲ್ಪ ಸೋತಿದೆ ಎಂದು ಇನ್ನೊಂದು ದಾರಿ ತಪ್ಪುತ್ತಾರೆ.

ಒಂದು ಎಚ್ಚರಿಕೆ. ಫ್ರೀ ಟಿ-4 ಕಡಿಮೆ, ಟಿಎಸ್‌ಎಚ್ ಸುಮ್ಮನಿದೆ ಅಂದ ಕೂಡಲೇ ಪಿಟ್ಯುಟರಿ ಹೋಯಿತು ಅನ್ನಬಾರದು. ಐಸಿಯುನಲ್ಲಿ ಮಲಗಿದ ರೋಗಿಯಲ್ಲಿ ಇದೇ ಜೋಡಿ ಕಾಣಬಹುದು. ಕಾಯಿಲೆ ವಾಸಿಯಾದ ಮೇಲೆ ತಾನೇ ಸರಿಯಾಗುತ್ತದೆ. ಥೈರಾಯ್ಡ್ ಅತಿಯಾಗಿದ್ದವರಿಗೆ ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲೂ ಕಾಣುತ್ತದೆ. ಅಂಗಳ ತುಂಬಿ ಬಹಳ ದಿನ ಸುಮ್ಮನಿದ್ದ ಯಜಮಾನ, ಅಂಗಳ ಖಾಲಿಯಾದರೂ ತಕ್ಷಣ ಎಚ್ಚರಗೊಳ್ಳುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ನಾನು ಒಂದೇ ಗ್ರಂಥಿಯ ಸಾಕ್ಷಿ ನಂಬಲಿಲ್ಲ. ಬಿಪಿ ಬೀಳದಂತೆ ಕಾಯುವ ಹಾರ್ಮೋನು ಕಾರ್ಟಿಸಾಲ್, ಅದನ್ನು ಬೆಳಿಗ್ಗೆ 8 ಗಂಟೆಗೆ ಮಾಡಿಸಿದೆ. 2 ಮೈಕ್ರೋಗ್ರಾಂ ಬಂತು. ಆ ಹೊತ್ತಿಗೆ ಅದು 3ಕ್ಕಿಂತ ಕಮ್ಮಿ ಇದ್ದರೆ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಮಾಡುತ್ತಿಲ್ಲ ಎಂದು ಹೆಚ್ಚುಕಡಿಮೆ ಖಚಿತ. ಅದಕ್ಕೂ ಪಿಟ್ಯುಟರಿಯೇ ಯಜಮಾನ. ಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಕೂಡ ಕಮ್ಮಿ. ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದರು. ಪಿಟ್ಯುಟರಿ ಕೂರುವ ಗುಳಿ ಹೆಚ್ಚುಕಡಿಮೆ ಖಾಲಿ.

ಈಗ ಥೈರಾಕ್ಸಿನ್ ಮಾತ್ರೆ ಕೊಟ್ಟರೆ ಮುಗಿಯಿತು ಅನಿಸುತ್ತದೆ, ಅಲ್ವಾ? ಅದನ್ನೇ ಮೊದಲು ಕೊಟ್ಟಿದ್ದರೆ ಆಕೆಯ ಜೀವಕ್ಕೇ ಅಪಾಯವಿತ್ತು. ಥೈರಾಕ್ಸಿನ್ ದೇಹದ ಓಟ ಹೆಚ್ಚಿಸುತ್ತದೆ, ಇದ್ದಷ್ಟು ಕಾರ್ಟಿಸಾಲನ್ನೂ ಬೇಗ ಖಾಲಿ ಮಾಡುತ್ತದೆ. ಮೊದಲೇ ಬರಿದಾದವರಲ್ಲಿ ಬಿಪಿ ಕುಸಿದುಬಿಡುತ್ತದೆ. ಹಾಗಾಗಿ ಮೊದಲು ಕಾರ್ಟಿಸಾಲಿನ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್. ವಾಂತಿ ನಿಂತು, ಸೋಡಿಯಂ ಮೇಲೆ ಬಂದು, ಕೆಲವು ದಿನ ಕಳೆದ ಮೇಲೆ ಥೈರಾಕ್ಸಿನ್ ಶುರು ಮಾಡಿದೆವು. ನಾನು ಮೊದಲ ಭೇಟಿಯಲ್ಲೇ 'ಥೈರಾಯ್ಡ್ ಇರಬಹುದು, ನೋಡೋಣ' ಅಂತ ಸುಮ್ನೆ ಥೈರಾಕ್ಸಿನ್ ಬರೆದುಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಥೈರಾಕ್ಸಿನ್‌ನ ಅರ್ಧಾಯುಷ್ಯ ಸುಮಾರು ಏಳು ದಿನ. ಹೊಸ ಡೋಸಿಗೆ ರಕ್ತದ ಮಟ್ಟ ನೆಲೆ ನಿಲ್ಲಲು ಐದಾರು ವಾರ ಬೇಕು. ಹದಿನೈದು ದಿನಕ್ಕೇ ಟೆಸ್ಟ್ ಮಾಡಿಸಿ ಡೋಸ್ ಏರಿಸುವುದು ಬೇಡ ಅನ್ನುವುದು ಅದಕ್ಕೇ. ಆರು ವಾರ ಕಳೆದು, ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ತೆಗೆಸಿದೆವು. ಮಾತ್ರೆ ನುಂಗಿ ಬಂದರೆ ಕೆಲವು ಗಂಟೆ ಫ್ರೀ ಟಿ-4 ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಉಪವಾಸ ಬೇಕಾಗಿಲ್ಲ, ಚಹಾ ಕುಡಿದು ಬರಬಹುದು.

ಆಕೆಯ ಫ್ರೀ ಟಿ-4 1.4ಕ್ಕೆ ಬಂತು. ನಮಗೆ ಬೇಕಾದದ್ದು ಅದೇ, ನಾರ್ಮಲ್‌ನ ಮೇಲಿನ ಅರ್ಧ. ಕಂಬಳಿ ಪೆಟ್ಟಿಗೆ ಸೇರಿತು. ಮರುವರ್ಷ ಊರ ಹತ್ತಿರ ಇನ್ನೊಬ್ಬ ವೈದ್ಯರ ಬಳಿ ಹೋಗಿದ್ದಾರೆ. ಅವರು ಟಿಎಸ್‌ಎಚ್ ಮಾತ್ರ ಮಾಡಿಸಿದ್ದಾರೆ. 0.05 ಬಂದಿದೆ. ಮಾಮೂಲಿ ರೋಗಿಯಲ್ಲಿ ಅದರ ಅರ್ಥ, ಡೋಸ್ ಜಾಸ್ತಿ ಆಗಿದೆ. ಅವರು ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಅವರ ತಪ್ಪು ಅನ್ನಲಾರೆ, ನಾನು ಮೊದಲ ದಿನ ಓದಿದ ರೀತಿಯಲ್ಲೇ ಅವರೂ ಓದಿದ್ದರು. ಉಳಿದ ಒಂದಿಷ್ಟು ದಮ್ಮಿಲ್ಲದ ಟಿಎಸ್‌ಎಚ್ ಕೂಡ ಮಾತ್ರೆ ಬಿದ್ದ ಮೇಲೆ ಅಡಗುತ್ತದೆ. ಆಕೆಯಲ್ಲಿ ಆ ಅಂಕಿಗೆ ಬೆಲೆಯೇ ಇಲ್ಲ. ಎರಡು ತಿಂಗಳಲ್ಲಿ ಕಂಬಳಿ ಮತ್ತೆ ಹೊರಗೆ ಬಂತು, ಅತ್ತೆ ಮತ್ತೆ ಘಟ್ಟ ಹತ್ತಿಸಿ ಕರೆತಂದರು. ಫ್ರೀ ಟಿ-4 0.7.

ಆವತ್ತು ಒಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ. 'ಇವರಿಗೆ ಪಿಟ್ಯುಟರಿ ಕೆಲಸ ಮಾಡುವುದಿಲ್ಲ. ಟಿಎಸ್‌ಎಚ್ ನೋಡಿ ಡೋಸ್ ಬದಲಿಸಬೇಡಿ, ಫ್ರೀ ಟಿ-4 ನೋಡಿ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡು ಪಟ್ಟು ಮಾಡಿ, ವಾಂತಿಯಿದ್ದರೆ ಇಂಜೆಕ್ಷನ್ ಕೊಡಿ.' ಮುಂದಿನ ಸಲ ಬಂದಾಗ ಅತ್ತೆ ಅದನ್ನು ಲ್ಯಾಮಿನೇಶನ್ ಮಾಡಿಸಿ ತಂದಿದ್ದರು, ಮೂರು ಪ್ರತಿ.